ದೇಹತೂಕದ ಇಳಿಕೆ: ಸರಳರೇಖೆಯ ಲೆಕ್ಕ ಮತ್ತು ಚಲನಶೀಲ ಮಾದರಿ

ಮೈಸೂರು ಸೀಮೆಯ ಊಟದಲ್ಲಿ ರಾಗಿಮುದ್ದೆಗೆ ವಿಶಿಷ್ಟ ಸ್ಥಾನವಿದೆ. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 320 ಕಿಲೋಕ್ಯಾಲೊರಿ ಶಕ್ತಿಯಿರುತ್ತದೆ. ಮೈಸೂರು ನಗರದಲ್ಲಿ 80 ಕಿಲೋ ತೂಗುವ, ತೂಕ ಸ್ಥಿರವಾಗಿರುವ ವ್ಯಕ್ತಿಯೊಬ್ಬನು ಉಳಿದ ಊಟವನ್ನೂ ದುಡಿಮೆಯನ್ನೂ ಬದಲಿಸದೆ ದಿನಕ್ಕೆ 75 ಗ್ರಾಂ ಹಿಟ್ಟನ್ನು ಬಿಟ್ಟನೆಂದು ಭಾವಿಸೋಣ. ಆಗ ಅವನ ಆಹಾರದಲ್ಲಿ ನಿತ್ಯ 240 ಕಿಲೋಕ್ಯಾಲೊರಿ ಕಡಿತವಾಗುತ್ತದೆ. ಇದರಿಂದ ತೂಕ ಎಷ್ಟು, ಯಾವಾಗ ಇಳಿಯುತ್ತದೆ ಎಂಬುದೇ ಇಲ್ಲಿನ ಪ್ರಶ್ನೆ.

ರೂಢಿಯ ಲೆಕ್ಕಕ್ಕೆ ಮ್ಯಾಕ್ಸ್ ವಿಶ್ನೋಫ್‌ಸ್ಕಿ 1958ರಲ್ಲಿ ಮಂಡಿಸಿದ ಅಂಕಿಯೇ ಆಧಾರ. ಅದರಂತೆ ಒಂದು ಕಿಲೋ ದೇಹತೂಕಕ್ಕೆ ಸುಮಾರು 7,700 ಕಿಲೋಕ್ಯಾಲೊರಿ. ನಿತ್ಯದ ಕಡಿತವನ್ನು ದಿನಗಳಿಗೆ ಗುಣಿಸಿ ಈ ಅಂಕಿಯಿಂದ ಭಾಗಿಸುತ್ತ ಹೋದರೆ ನಮ್ಮ ವ್ಯಕ್ತಿ ವರ್ಷಕ್ಕೆ 11 ಕಿಲೋಗೂ ಹೆಚ್ಚು, ಮೂರು ವರ್ಷಕ್ಕೆ 34 ಕಿಲೋ ಇಳಿದು 46 ಕಿಲೋಗೆ ತಲುಪಬೇಕು. ಒಂದಷ್ಟು ಹಿಟ್ಟು ಬಿಟ್ಟ ಮಾತ್ರಕ್ಕೆ ಹೀಗಾಗದೆಂಬುದು ಸಾಮಾನ್ಯ ಅನುಭವ.

ತಪ್ಪು ಎಲ್ಲಿದೆಯೆಂಬುದನ್ನು ಕೆರೆಯ ಉದಾಹರಣೆಯಿಂದ ತಿಳಿಯಬಹುದು. ಕೆರೆಗೆ ಬರುವ ನೀರು ತಗ್ಗಿದರೆ ಮಟ್ಟ ಇಳಿಯುತ್ತದೆ. ಮಟ್ಟ ಇಳಿದಂತೆ ತೂಬಿನಲ್ಲಿ ಹೊರಹೋಗುವ ನೀರೂ ತಗ್ಗುತ್ತದೆ. ಒಳಹರಿವು ಹೊರಹರಿವುಗಳು ಸಮವಾದಲ್ಲಿ ಕೆರೆ ಹೊಸ ಮಟ್ಟದಲ್ಲಿ ನಿಲ್ಲುತ್ತದೆ. ದೇಹವೂ ಹಾಗೆಯೇ. ಹಗುರವಾದ ದೇಹದ ಪೋಷಣೆಗೂ ಚಲನೆಗೂ ಕಡಿಮೆ ಶಕ್ತಿ ಸಾಕು. ಊಟದ ಕಡಿತ ಸ್ಥಿರವಾಗಿದ್ದರೂ ದೇಹದ ನಿಜವಾದ ಕೊರತೆ ಕ್ರಮೇಣ ಕಿರಿದಾಗುತ್ತದೆ.

ಕೆವಿನ್ ಹಾಲ್ ಮತ್ತು ಸಂಗಡಿಗರು 2011ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದ ಚಲನಶೀಲ ಮಾದರಿ ಈ ಅಂಶವನ್ನು ಲೆಕ್ಕಕ್ಕೆ ತಂದಿತು. ಸ್ಥೂಲ ದೇಹದ ಸರಾಸರಿ ವಯಸ್ಕರಿಗೆ ಅದರ ಸರಳ ಸೂತ್ರ ಹೀಗಿದೆ: ನಿತ್ಯದ 24 ಕಿಲೋಕ್ಯಾಲೊರಿ ಕಡಿತಕ್ಕೆ ಅಂತಿಮವಾಗಿ ಒಂದು ಕಿಲೋ ಇಳಿಕೆ, ಅದರಲ್ಲಿ ಅರ್ಧ ಸುಮಾರು ಒಂದು ವರ್ಷದಲ್ಲಿ, ಶೇಕಡ 95ರಷ್ಟು ಸುಮಾರು ಮೂರು ವರ್ಷಗಳಲ್ಲಿ. 240ನ್ನು 24ರಿಂದ ಭಾಗಿಸಿದರೆ ಒಟ್ಟು ಇಳಿಕೆ 10 ಕಿಲೋ. ಮೊದಲ ವರ್ಷಕ್ಕೆ 5, ಮೂರನೆಯ ವರ್ಷದ ಕೊನೆಗೆ 9.5 ಕಿಲೋ. ವ್ಯಕ್ತಿ 70 ಕಿಲೋ ಸಮೀಪದಲ್ಲಿ ನಿಲ್ಲುತ್ತಾನೆ. ಅಲ್ಲಿಯೇ ಉಳಿಯಲು ಆ ಕಡಿತವೂ ಮುಂದುವರಿಯಬೇಕು.

ಈ ವ್ಯತ್ಯಾಸ ಕೇವಲ ಗಣಿತದ್ದಲ್ಲ. ವರ್ಷದಲ್ಲಿ 5 ಕಿಲೋ ಇಳಿದವನನ್ನು ಸರಳರೇಖೆಯಿಂದ ಅಳೆದರೆ ಅವನು ಪಥ್ಯ ಮುರಿದವನೆಂಬ ಅಪವಾದಕ್ಕೆ ಗುರಿಯಾಗುತ್ತಾನೆ. ಮಾದರಿಯಂತೆ ಅವನು ಮಾತಿಗೆ ತಪ್ಪಿಲ್ಲ. ಆದರೆ ಆರೇಳು ತಿಂಗಳಿಗೇ ಇಳಿಕೆ ಪೂರ್ತಿ ನಿಂತರೆ ದೇಹದ ಹೊಂದಾಣಿಕೆಯೊಂದೇ ಅದಕ್ಕೆ ಕಾರಣವಾಗಲಾರದು, ಏಕೆಂದರೆ ಆಗ ರೇಖೆ ಇನ್ನೂ ಇಳಿಯುತ್ತಿರಬೇಕು. ಬಿಟ್ಟ ತುತ್ತುಗಳು ಅರಿವಿಲ್ಲದೆ ತಟ್ಟೆಗೆ ಮರಳಿರುವ ಸಂಭವವೇ ಹೆಚ್ಚು.

ಸೂತ್ರಕ್ಕೆ ಮಿತಿಗಳಿವೆ. ಮೊದಲ ವಾರಗಳ ತೀವ್ರ ಇಳಿಕೆಯಲ್ಲಿ ನೀರಿನ ಪಾಲು ದೊಡ್ಡದು. ಅದರಿಂದ ಮುಂದಿನ ತಿಂಗಳುಗಳನ್ನು ಊಹಿಸಲಾಗದು. ಬೆಳೆಯುವ ಮಕ್ಕಳಿಗೆ, ಗರ್ಭಿಣಿಯರಿಗೆ, ಗರಡಿಯಲ್ಲಿ ಪಳಗಿದ ಪೈಲ್ವಾನರಿಗೆ ಈ ಸರಾಸರಿ ಹೊಂದದು.