ಬಿಪಿ ಒಂದೇ, ಶಾಕ್ ಬೇರೆ ಬೇರೆ

ಬಿಪಿ 80/60, ನಾಡಿ 130, ರೋಗಿಗೆ ಮಂಪರು, ಮೂತ್ರ ತೀರಾ ಕಡಿಮೆ. ಪರೀಕ್ಷೆಯಲ್ಲಿ ಇಷ್ಟು ಕೊಟ್ಟರೆ ‘ಶಾಕ್’ ಎಂದು ಬರೆಯದ ವೈದ್ಯಕೀಯ ವಿದ್ಯಾರ್ಥಿ ಇಲ್ಲ. ಎಡವುವುದು ಮುಂದಿನ ಸಾಲಿನಲ್ಲಿ, ಯಾವ ಶಾಕ್ ಎಂಬಲ್ಲಿ. ರಕ್ತ ಸೋರಿಹೋದವನಿಗೆ ಜೀವ ಉಳಿಸುವ ಡ್ರಿಪ್, ಹೃದಯಾಘಾತವಾದವನ ಶ್ವಾಸಕೋಶದಲ್ಲಿ ನೀರು ತುಂಬಿಸಬಹುದು.

ಅಂಗಾಂಗಗಳಿಗೆ ಬೇಕಾದಷ್ಟು ಆಮ್ಲಜನಕ ತಲುಪದ ಸ್ಥಿತಿಯೇ ಶಾಕ್. ಬಿಪಿಯನ್ನು ಹಿಡಿದು ನಿಲ್ಲಿಸುವುದು ಎರಡು ಸಂಗತಿ: ನಿಮಿಷಕ್ಕೆ ಹೃದಯ ಎಷ್ಟು ರಕ್ತ ಹೊರದೂಡುತ್ತದೆ, ರಕ್ತನಾಳಗಳು ಎಷ್ಟು ಬಿಗಿಯಾಗಿವೆ. ಒಂದು ಬಿದ್ದರೆ ಇನ್ನೊಂದು ಏರಿ ಸರಿದೂಗಿಸಲು ನೋಡುತ್ತದೆ. ನಾಲ್ಕು ಬಗೆಯ ಶಾಕ್‌ಗಳ ಕೋಷ್ಟಕವನ್ನು ಬಾಯಿಪಾಠ ಮಾಡುವ ಬದಲು ಇದನ್ನು ಹಿಡಿದುಕೊಂಡರೆ, ರೋಗಿಯ ಕೈ ಮತ್ತು ಕತ್ತೇ ಬಹುಪಾಲು ಉತ್ತರ ಹೇಳುತ್ತವೆ.

ಮೊದಲು ಕೈ ಮುಟ್ಟಬೇಕು. ತಣ್ಣಗಿದ್ದು ಬೆವರಿದ್ದರೆ ರಕ್ತನಾಳಗಳು ಬಿಗಿದಿವೆ, ಅಂದರೆ ಹೃದಯದಿಂದ ಹೊರಬೀಳುವ ರಕ್ತವೇ ಕಡಿಮೆಯಾಗಿದೆ. ಬೆಚ್ಚಗಿದ್ದರೆ ನಾಳಗಳೇ ಸಡಿಲಗೊಂಡಿವೆ, ಅದು ಡಿಸ್ಟ್ರಿಬ್ಯುಟಿವ್ ಶಾಕ್. ತೀವ್ರ ಸೋಂಕು, ಅಲರ್ಜಿ, ಬೆನ್ನುಹುರಿಯ ಪೆಟ್ಟು ಇದರ ಮುಖ್ಯ ಕಾರಣಗಳು. ಬೆನ್ನುಹುರಿಗೆ ಪೆಟ್ಟಾದವನ ನಾಡಿ ಏರುವ ಬದಲು ನಿಧಾನವಾಗಿರುವುದು ಪರೀಕ್ಷಕರಿಗೆ ಇಷ್ಟವಾದ ಸುಳಿವು.

ಕೈ ತಣ್ಣಗಿದ್ದರೆ ಮುಂದೆ ಕತ್ತು ನೋಡಬೇಕು. ಕತ್ತಿನ ಅಭಿಧಮನಿ ಬತ್ತಿದ್ದರೆ ಹೃದಯಕ್ಕೆ ವಾಪಸು ಬರುವ ರಕ್ತವೇ ಸಾಲದು. ರಕ್ತಸ್ರಾವ, ವಾಂತಿಭೇದಿಗಳಿಂದ ಆಗುವ ಹೈಪೊವೊಲೆಮಿಕ್ ಶಾಕ್ ಅದು. ಉಬ್ಬಿದ್ದರೆ ರಕ್ತ ಬರುತ್ತಿದೆ, ಮುಂದೆ ಹೋಗುತ್ತಿಲ್ಲ. ಹೃದಯದ ಸ್ನಾಯುವೇ ಸೋತಿದ್ದರೆ ಕಾರ್ಡಿಯೊಜೆನಿಕ್, ಹೊರಗಿನಿಂದ ಏನೋ ಅಡ್ಡಗಟ್ಟಿದ್ದರೆ ಅಬ್‌ಸ್ಟ್ರಕ್ಟಿವ್.

ಪ್ರಶ್ನೆಪತ್ರಿಕೆಯ ಮಾದರಿಯ ಒಂದು ಪ್ರಸಂಗ ನೋಡೋಣ. ಬೈಕಿನಿಂದ ಬಿದ್ದ ಯುವಕ, ಬಿಪಿ 80/60, ಕೈ ತಣ್ಣಗೆ. ಅಪಘಾತ ಎಂದಮೇಲೆ ರಕ್ತಸ್ರಾವವೇ ಎಂದುಕೊಳ್ಳುವುದು ಸಹಜ, ಹೆಚ್ಚಿನ ಸಲ ಅದು ಸರಿಯೂ ಹೌದು. ಆದರೆ ಇವನ ಕತ್ತಿನ ನಾಳ ಉಬ್ಬಿದೆ, ಉಸಿರಿಗೆ ಒದ್ದಾಡುತ್ತಿದ್ದಾನೆ. ಎದೆಯ ಬಲಭಾಗ ತಟ್ಟಿದರೆ ಟೊಳ್ಳು ಸದ್ದು, ಸ್ಟೆತಸ್ಕೋಪ್ ಇಟ್ಟರೆ ಅಲ್ಲಿ ಉಸಿರೇ ಕೇಳುವುದಿಲ್ಲ. ಶ್ವಾಸಕೋಶದಿಂದ ಸೋರಿದ ಗಾಳಿ ಎದೆಗೂಡಿನಲ್ಲಿ ಸಿಕ್ಕಿಕೊಂಡು, ಹೃದಯಕ್ಕೆ ರಕ್ತ ಮರಳುವ ದಾರಿಯನ್ನು ಒತ್ತುತ್ತಿದೆ. ಇದು ಟೆನ್ಷನ್ ನ್ಯುಮೊಥೊರಾಕ್ಸ್. ಎಕ್ಸ್‌ರೇಗೆ ಕಳಿಸಿ ಕಾಯುವ ಹೊತ್ತಲ್ಲ ಇದು. ವಯಸ್ಕರಲ್ಲಿ ಐದನೆಯ ಪಕ್ಕೆಲುಬಿನ ಸಂದಿಯಲ್ಲಿ, ಕಂಕುಳ ನಡುಗೆರೆಯ ತುಸು ಮುಂದೆ ಸೂಜಿ ಚುಚ್ಚಿ ಗಾಳಿ ಬಿಡಬೇಕು, ಆಮೇಲೆ ಎದೆಗೆ ಟ್ಯೂಬ್ ಹಾಕಬೇಕು. ಗಾಳಿ ಹೊರಹೋದ ಕೂಡಲೇ ಬಿಪಿ ಏರತೊಡಗಿದರೆ ರೋಗನಿರ್ಣಯ ಸರಿಯಿತ್ತೆಂದು ಅರ್ಥ.

ಇಲ್ಲೊಂದು ಬಲೆಯೂ ಇದೆ. ಅದೇ ಯುವಕನಿಗೆ ಹೊಟ್ಟೆಯೊಳಗೆ ರಕ್ತಸ್ರಾವವೂ ಆಗುತ್ತಿದ್ದರೆ ಕತ್ತಿನ ನಾಳ ಉಬ್ಬದೇ ಇರಬಹುದು. ಹಾಗಾಗಿ ಕತ್ತು ಬತ್ತಿದೆಯೆಂದು ಎದೆ ಪರೀಕ್ಷಿಸದೆ ಬಿಡಬಾರದು. ಬಿಪಿಯನ್ನೂ ಪೂರ್ತಿ ನಂಬುವಂತಿಲ್ಲ. ಆರೋಗ್ಯವಂತ ಯುವಕರಲ್ಲಿ ಸುಮಾರು 30% ರಕ್ತ ಹೋಗುವವರೆಗೂ ಮೇಲಿನ ಬಿಪಿ ಕುಸಿಯದಿರಬಹುದು. ಅದಕ್ಕೂ ಮೊದಲೇ ನಾಡಿ ಏರಿ, ಮೇಲಿನ ಮತ್ತು ಕೆಳಗಿನ ಬಿಪಿಯ ಅಂತರ ಕಿರಿದಾಗುತ್ತದೆ.

ಕಾರಣ ಗೊತ್ತಾದರೆ ಚಿಕಿತ್ಸೆ ತಾನಾಗಿ ಹಿಂಬಾಲಿಸುತ್ತದೆ. ರಕ್ತ ಹೋದವನಿಗೆ ಸ್ರಾವ ನಿಲ್ಲಿಸಿ ರಕ್ತವನ್ನೇ ಕೊಡಬೇಕು. ಸಲೈನ್ ಸುರಿಯುತ್ತ ಹೋದರೆ ಇರುವ ರಕ್ತ ತೆಳುವಾಗಿ ಹೆಪ್ಪುಗಟ್ಟದಂತಾಗುತ್ತದೆ. ಟ್ರಾನೆಕ್ಸಾಮಿಕ್ ಆಮ್ಲ ಕೊಡುವುದಿದ್ದರೆ ಪೆಟ್ಟು ಬಿದ್ದ 3 ಗಂಟೆಯೊಳಗೆ. ಸೋಂಕಿನ ಶಾಕ್‌ನಲ್ಲಿ ರಕ್ತದ ಕಲ್ಚರ್ ತೆಗೆದು, 1 ಗಂಟೆಯೊಳಗೆ ಆ್ಯಂಟಿಬಯಾಟಿಕ್ ಶುರುಮಾಡಬೇಕು. ಮೊದಲ 3 ಗಂಟೆಯಲ್ಲಿ ಕೆಜಿಗೆ 30 ಮಿ.ಲೀ. ದ್ರವ, ಸರಾಸರಿ ಬಿಪಿ 65ಕ್ಕೆ ಏರದಿದ್ದರೆ ನಾರ್‌ಅಡ್ರಿನಲಿನ್. ಅಲರ್ಜಿಯ ಶಾಕ್‌ಗೆ ಮೊದಲ ಔಷಧ ಅಡ್ರಿನಲಿನ್: ವಯಸ್ಕರಿಗೆ 0.5 ಮಿ.ಗ್ರಾಂ, ತೊಡೆಯ ಹೊರಬದಿಯ ಸ್ನಾಯುವಿಗೆ. ಸ್ಟೆರಾಯ್ಡ್ ಮೊದಲು ಕೊಟ್ಟು ಇದಕ್ಕೆ ತಡಮಾಡುವುದು ದೊಡ್ಡ ತಪ್ಪು.

ಹೃದಯಾಘಾತದ ಶಾಕ್‌ನಲ್ಲಿ ಮುಚ್ಚಿದ ರಕ್ತನಾಳವನ್ನು ಬೇಗ ತೆರೆಸುವುದೇ ನಿಜವಾದ ಚಿಕಿತ್ಸೆ, ನಾರ್‌ಅಡ್ರಿನಲಿನ್ ಮತ್ತು ಡೊಬ್ಯುಟಮಿನ್ ಅಲ್ಲಿಯವರೆಗಿನ ಆಸರೆ. ಆದರೆ ಹೃದಯದ ಬಲ ಕೋಣೆಗೆ ಆಘಾತವಾಗಿದ್ದರೆ ಕತ್ತು ಉಬ್ಬಿದ್ದರೂ ಶ್ವಾಸಕೋಶ ಸ್ವಚ್ಛವಾಗಿರುತ್ತದೆ. ಅಂಥವರಿಗೆ ಸ್ವಲ್ಪ ದ್ರವ ಎಚ್ಚರದಿಂದ ಕೊಡಬಹುದು. ಎದೆನೋವೆಂದು ನಾಲಗೆಯಡಿ ನೈಟ್ರೇಟ್ ಮಾತ್ರೆ ಇಟ್ಟರೆ ಮಾತ್ರ ಬಿಪಿ ಇನ್ನಷ್ಟು ಕುಸಿಯುತ್ತದೆ. ಇಸಿಜಿಯಲ್ಲಿ ಹೃದಯದ ಕೆಳಭಾಗದ ಆಘಾತ ಕಂಡಾಗ ಎದೆಯ ಬಲಬದಿಗೂ ಲೀಡ್ ಹಚ್ಚಿ ನೋಡುವುದು ಅದಕ್ಕೇ.