ಟೈಮರ್ ರಿಜಿಸ್ಟರ್‌ಗಳ ಮೂಲಕ ಪಲ್ಸ್ ವಿಡ್ತ್ ಮಾಡ್ಯುಲೇಷನ್

ಪಲ್ಸ್ ವಿಡ್ತ್ ಮಾಡ್ಯುಲೇಷನ್ (ಸಂಕ್ಷಿಪ್ತವಾಗಿ ಪಿಡಬ್ಲ್ಯೂಎಂ) ಎಂಬುದು ವಿದ್ಯುತ್ ಪೂರೈಕೆಯನ್ನು ಅತಿ ವೇಗವಾಗಿ ಆನ್ ಮತ್ತು ಆಫ್ ಮಾಡುತ್ತಾ, ಆನ್ ಆಗಿರುವ ಕಾಲದ ಪ್ರಮಾಣವನ್ನು ಬದಲಿಸುವ ಮೂಲಕ ಸರಾಸರಿ ವೋಲ್ಟೇಜನ್ನು ನಿಯಂತ್ರಿಸುವ ವಿಧಾನವಾಗಿದೆ. ಡಿಸಿ ಮೋಟಾರಿನ ವೇಗ ಮತ್ತು ಎಲ್‌ಇಡಿಯ ಪ್ರಕಾಶವನ್ನು ಮೈಕ್ರೋಕಂಟ್ರೋಲರ್‌ನಿಂದ ಹೊಂದಿಸಲು ಇದನ್ನು ವ್ಯಾಪಕವಾಗಿ ಬಳಸುತ್ತಾರೆ. ಒಂದು ಪೂರ್ಣ ಆವರ್ತದಲ್ಲಿ ಸಂಕೇತವು ಆನ್ ಆಗಿರುವ ಭಾಗವನ್ನು ಡ್ಯೂಟಿ ಸೈಕಲ್ ಎಂದು ಕರೆಯಲಾಗುತ್ತದೆ. 12 ವೋಲ್ಟ್ ಪೂರೈಕೆಯಲ್ಲಿ ಡ್ಯೂಟಿ ಸೈಕಲ್ ಶೇ. 40 ಇದ್ದರೆ ಮೋಟಾರಿಗೆ ದೊರೆಯುವ ಸರಾಸರಿ ವೋಲ್ಟೇಜ್ 4.8 ಆಗಿರುತ್ತದೆ.

ಕರ್ನಾಟಕದಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಎಂಬೆಡೆಡ್ ಪ್ರಯೋಗಾಲಯಗಳ ಪಠ್ಯಕ್ರಮದಲ್ಲಿ ಡಿಸಿ ಮೋಟಾರ್ ನಿಯಂತ್ರಣದ ಪ್ರಯೋಗವಿದೆ. ಇಂತಹ ಪ್ರಯೋಗಗಳಲ್ಲಿ ಬಳಕೆಯಾಗುವ ಚಿಪ್‌ಗಳಲ್ಲಿ ಎಆರ್‌ಎಂ7 ತಿರುಳುಳ್ಳ ಎಲ್‌ಪಿಸಿ2148 ಒಂದು. ಈ ಲೇಖನದ ಉದಾಹರಣೆಯು ಅದನ್ನೇ ಆಧರಿಸಿದೆ.

ಕಾರ್ಯವಿಧಾನ

ಆನ್ ಮತ್ತು ಆಫ್ ಮಾಡುವ ಕೆಲಸವನ್ನು ಪ್ರೋಗ್ರಾಮಿನ ವಿಳಂಬ ಲೂಪ್‌ಗಳಿಂದಲೂ ಮಾಡಬಹುದು. ಆದರೆ ಆಗ ಪ್ರೊಸೆಸರ್ ಬೇರೆ ಕೆಲಸಕ್ಕೆ ಹೋದೊಡನೆ ಪಲ್ಸ್‌ನ ಅಗಲ ತಪ್ಪುತ್ತದೆ. ಟೈಮರ್ ಈ ಹೊಣೆಯನ್ನು ಸ್ವತಂತ್ರ ಯಂತ್ರಾಂಶಕ್ಕೆ ವಹಿಸುತ್ತದೆ. ಟೈಮರ್‌ನೊಳಗಿನ ಎಣಿಕೆಗಾರ ಗಡಿಯಾರದ ಪ್ರತಿ ಬಡಿತಕ್ಕೆ ಒಂದರಂತೆ ಸೊನ್ನೆಯಿಂದ ಮೇಲಕ್ಕೆ ಎಣಿಸುತ್ತದೆ. ಅದರ ಬೆಲೆಯನ್ನು ಎರಡು ರಿಜಿಸ್ಟರ್‌ಗಳೊಡನೆ ನಿರಂತರವಾಗಿ ಹೋಲಿಸಲಾಗುತ್ತದೆ. ಮೊದಲನೆಯದು ಆವರ್ತದ ಉದ್ದವನ್ನು ನಿರ್ಧರಿಸುತ್ತದೆ. ಎಣಿಕೆ ಆ ಬೆಲೆಯನ್ನು ಮುಟ್ಟಿದಾಗ ಮತ್ತೆ ಸೊನ್ನೆಗೆ ಮರಳುತ್ತದೆ ಮತ್ತು ಹೊರಗಣ ಪಿನ್ ಆನ್ ಆಗುತ್ತದೆ. ಎರಡನೆಯದು ಆನ್ ಕಾಲವನ್ನು ನಿರ್ಧರಿಸುತ್ತದೆ; ಎಣಿಕೆ ಅದನ್ನು ಮುಟ್ಟಿದಾಗ ಪಿನ್ ಆಫ್ ಆಗುತ್ತದೆ. ಒಮ್ಮೆ ಆರಂಭಿಸಿದ ಮೇಲೆ ಪ್ರೊಸೆಸರ್‌ನ ನೆರವಿಲ್ಲದೆ ಇದು ನಡೆಯುತ್ತಲೇ ಇರುತ್ತದೆ.

ಎಲ್‌ಪಿಸಿ2148ರಲ್ಲಿ ಆವರ್ತದ ರಿಜಿಸ್ಟರ್ `PWMMR0` ಆಗಿದೆ. `PWMMR1`ರಿಂದ `PWMMR6`ರವರೆಗಿನ ಆರು ರಿಜಿಸ್ಟರ್‌ಗಳು ಆರು ಹೊರಗಣ ಪಿನ್‌ಗಳ ಆನ್ ಕಾಲವನ್ನು ನಿಗದಿಪಡಿಸುತ್ತವೆ. ಆರಕ್ಕೂ ಆವರ್ತ ಒಂದೇ ಆಗಿರುತ್ತದೆ.

ಉದಾಹರಣೆ: 20 ಕಿಲೋಹರ್ಟ್ಸ್‌ನಲ್ಲಿ ಮೋಟಾರ್ ನಿಯಂತ್ರಣ

ಮನುಷ್ಯನ ಶ್ರವಣ ಮಿತಿ ಸುಮಾರು 20 ಕಿಲೋಹರ್ಟ್ಸ್. ಮೋಟಾರಿನಿಂದ ಸಿಳ್ಳಿನಂಥ ಸದ್ದು ಬಾರದಿರಲು ಆವರ್ತನವನ್ನು ಈ ಮಿತಿಯ ಬಳಿ ಇಡಲಾಗುತ್ತದೆ. 12 ಮೆಗಾಹರ್ಟ್ಸ್ ಹರಳಿನಿಂದ ಪಿಎಲ್‌ಎಲ್ ಮೂಲಕ ಪ್ರೊಸೆಸರನ್ನು 60 ಮೆಗಾಹರ್ಟ್ಸ್‌ನಲ್ಲಿ ಓಡಿಸಿದರೆ, ಟೈಮರ್‌ಗೆ ತಲುಪುವ ಗಡಿಯಾರ ಪೂರ್ವನಿಯೋಜಿತವಾಗಿ ಅದರ ನಾಲ್ಕನೇ ಒಂದು ಭಾಗ, ಅಂದರೆ 15 ಮೆಗಾಹರ್ಟ್ಸ್ ಆಗಿರುತ್ತದೆ. 15,000,000ವನ್ನು 20,000ದಿಂದ ಭಾಗಿಸಿದರೆ 750 ಬರುತ್ತದೆ. ಆದ್ದರಿಂದ ಆವರ್ತದ ಬೆಲೆ 750. ಶೇ. 40ರ ಡ್ಯೂಟಿ ಸೈಕಲ್‌ಗೆ ಆನ್ ಕಾಲದ ಬೆಲೆ 300.

```
PINSEL1 = (PINSEL1 & ~(3 << 10)) | (1 << 10);
PWMPR  = 0;
PWMMR0 = 750;
PWMMR5 = 300;
PWMMCR = (1 << 1);
PWMLER = (1 << 0) | (1 << 5);
PWMPCR = (1 << 13);
PWMTCR = (1 << 1);
PWMTCR = (1 << 0) | (1 << 3);
```

ಮೊದಲ ಸಾಲು `P0.21` ಪಿನ್ನನ್ನು ಐದನೇ ಪಿಡಬ್ಲ್ಯೂಎಂ ಹೊರಗಣಕ್ಕೆ ಜೋಡಿಸುತ್ತದೆ. `PWMPR` ಸೊನ್ನೆಯಾದ್ದರಿಂದ ಗಡಿಯಾರವು ಮತ್ತಷ್ಟು ವಿಭಜನೆಯಾಗುವುದಿಲ್ಲ. `PWMMCR`ನ ಬಿಟ್ 1, ಎಣಿಕೆ `PWMMR0`ಯನ್ನು ಮುಟ್ಟಿದಾಗ ಸೊನ್ನೆಗೆ ಮರಳುವಂತೆ ಮಾಡುತ್ತದೆ. `PWMPCR`ನ ಬಿಟ್ 13 ಐದನೇ ಹೊರಗಣವನ್ನು ತೆರೆಯುತ್ತದೆ. ಕೊನೆಯ ಎರಡು ಸಾಲುಗಳು ಎಣಿಕೆಗಾರನನ್ನು ಸೊನ್ನೆಗೊಳಿಸಿ, ನಂತರ ಎಣಿಕೆ ಮತ್ತು ಪಿಡಬ್ಲ್ಯೂಎಂ ಎರಡನ್ನೂ ಆರಂಭಿಸುತ್ತವೆ.

ವೇಗವನ್ನು ಹೆಚ್ಚಿಸಿ ಡ್ಯೂಟಿ ಸೈಕಲನ್ನು ಶೇ. 60 ಮಾಡಲು ಎರಡು ಸಾಲು ಸಾಕು:

```
PWMMR5 = 450;
PWMLER = (1 << 5);
```

ಲ್ಯಾಚ್ ರಿಜಿಸ್ಟರ್‌ನ ಅಗತ್ಯ

ಮೇಲಿನ ಎರಡನೇ ಸಾಲನ್ನು ಮರೆತರೆ ಮೋಟಾರಿನ ವೇಗ ಬದಲಾಗುವುದಿಲ್ಲ. `PWMMR5`ಗೆ ಬರೆದ ಹೊಸ ಬೆಲೆ ನೇರವಾಗಿ ಹೋಲಿಕೆಗೆ ಹೋಗದೆ ಮರೆಯ ರಿಜಿಸ್ಟರ್‌ನಲ್ಲಿ ಕಾಯುತ್ತಿರುತ್ತದೆ. `PWMLER`ನ ಸಂಬಂಧಿತ ಬಿಟ್ಟನ್ನು ಬರೆದ ಬಳಿಕ, ಮುಂದಿನ ಆವರ್ತ ಆರಂಭವಾಗುವ ಕ್ಷಣದಲ್ಲಿ ಮಾತ್ರ ಅದು ಜಾರಿಗೆ ಬರುತ್ತದೆ.

ಈ ವ್ಯವಸ್ಥೆ ಇಲ್ಲದಿದ್ದರೆ ಆಗುವ ತೊಂದರೆಯನ್ನು ಹೀಗೆ ನೋಡಬಹುದು. ಆನ್ ಕಾಲದ ಬೆಲೆ 450 ಇದ್ದು ಎಣಿಕೆ 400ಕ್ಕೆ ತಲುಪಿದಾಗ, ಪ್ರೋಗ್ರಾಮ್ ಆ ಬೆಲೆಯನ್ನು 300ಕ್ಕೆ ಇಳಿಸಿತೆಂದುಕೊಳ್ಳೋಣ. ಎಣಿಕೆ 300ನ್ನು ಈಗಾಗಲೇ ದಾಟಿರುವುದರಿಂದ ಆ ಆವರ್ತದಲ್ಲಿ ಹೊಂದಾಣಿಕೆಯೇ ಆಗುವುದಿಲ್ಲ. ಪಿನ್ ಆಫ್ ಆಗದೆ ಇಡೀ ಆವರ್ತ ಆನ್ ಆಗಿ ಉಳಿಯುತ್ತದೆ. ವೇಗ ಕಡಿಮೆ ಮಾಡಲು ಹೋದಾಗ ಒಂದು ಕ್ಷಣ ಪೂರ್ಣ ಶಕ್ತಿ ದೊರೆತಂತಾಗುತ್ತದೆ. ಮೋಟಾರಿನ ಜಡತ್ವ ಇದನ್ನು ಮುಚ್ಚಿಡಬಹುದು. ನಿಧಾನ ಆವರ್ತನದಲ್ಲಿ ಮಂದವಾಗಿ ಉರಿಯುವ ಎಲ್‌ಇಡಿಯಲ್ಲಿ ಮಾತ್ರ ಅದು ಮಿಂಚಿನಂತೆ ಕಾಣುತ್ತದೆ. ಆವರ್ತ ಮತ್ತು ಆನ್ ಕಾಲ ಎರಡನ್ನೂ ಬದಲಿಸುವಾಗ ಎರಡೂ ಬಿಟ್‌ಗಳನ್ನು ಒಂದೇ ಬರಹದಲ್ಲಿ ಕೊಡಬೇಕು. ಇಲ್ಲವಾದರೆ ಒಂದು ಆವರ್ತದಲ್ಲಿ ಹಳೆಯ ಮತ್ತು ಹೊಸ ಬೆಲೆಗಳು ಬೆರೆಯಬಹುದು.

ಎಲ್‌ಇಡಿಗೆ ಆವರ್ತನದ ಆಯ್ಕೆ

ಆವರ್ತನ ಹೆಚ್ಚಿದಷ್ಟೂ ಹಂತಗಳ ಸಂಖ್ಯೆ ಕಡಿಮೆಯಾಗುತ್ತದೆ. 20 ಕಿಲೋಹರ್ಟ್ಸ್‌ನಲ್ಲಿ ದೊರೆಯುವ ಹಂತಗಳು 750. ಮೋಟಾರಿಗೆ ಇವು ಸಾಕು. ಆದರೆ ಕಣ್ಣು ಬೆಳಕಿನ ವ್ಯತ್ಯಾಸವನ್ನು ಅನುಪಾತವಾಗಿ ಗ್ರಹಿಸುತ್ತದೆ. ಬೆಲೆ 1ರಿಂದ 2ಕ್ಕೆ ಏರಿದಾಗ ಬೆಳಕು ಇಮ್ಮಡಿಯಾಗಿ, ಕತ್ತಲೆಯಲ್ಲಿ ಆ ಜಿಗಿತ ಎದ್ದು ಕಾಣುತ್ತದೆ. 700ರಿಂದ 701ಕ್ಕೆ ಏರಿದ್ದು ಕಣ್ಣಿಗೆ ತಿಳಿಯುವುದೇ ಇಲ್ಲ. ಎಲ್‌ಇಡಿ ಸದ್ದು ಮಾಡದ ಕಾರಣ ಆವರ್ತನವನ್ನು 1 ಕಿಲೋಹರ್ಟ್ಸ್‌ಗೆ ಇಳಿಸಿ `PWMMR0`ಗೆ 15000 ಬರೆದರೆ, ಮಿನುಗು ಕಾಣದೆಯೇ ಇಪ್ಪತ್ತು ಪಟ್ಟು ಸೂಕ್ಷ್ಮ ಹಂತಗಳು ದೊರೆಯುತ್ತವೆ.

ಚಾಲಕ ಮಂಡಲ

ಮೈಕ್ರೋಕಂಟ್ರೋಲರ್‌ನ ಪಿನ್ ಕೆಲವೇ ಮಿಲಿಆಂಪಿಯರ್ ವಿದ್ಯುತ್ತನ್ನು ನೀಡಬಲ್ಲದು. ಆದ್ದರಿಂದ ಮೋಟಾರನ್ನು 3.3 ವೋಲ್ಟ್‌ನಲ್ಲಿ ಪೂರ್ಣವಾಗಿ ಆನ್ ಆಗುವ ಮಾಸ್‌ಫೆಟ್ ಮೂಲಕ ನಡೆಸಬೇಕು. ಮಾಸ್‌ಫೆಟ್ ಆಫ್ ಆದಾಗ ಮೋಟಾರಿನ ಸುರುಳಿಯಲ್ಲಿನ ವಿದ್ಯುತ್ತಿಗೆ ಹರಿಯುವ ದಾರಿಯಾಗಿ ಮೋಟಾರಿಗೆ ಸಮಾನಾಂತರವಾಗಿ ಡಯೋಡ್ ಇರಬೇಕು. 20 ಕಿಲೋಹರ್ಟ್ಸ್‌ಗೆ ಶಾಟ್ಕಿಯಂಥ ವೇಗದ ಡಯೋಡ್ ಬೇಕು. ಪವರ್ ಸಪ್ಲೈಗಳಲ್ಲಿ ಬಳಸುವ `1N4007` ನಿಧಾನವಾಗಿದ್ದು ಬಿಸಿಯಾಗುತ್ತದೆ. ಚಿಪ್ ಆರಂಭವಾಗುವಾಗ ಪಿನ್ ಯಾವ ಸ್ಥಿತಿಯಲ್ಲೂ ಇರದ ಕಾರಣ, ಮೋಟಾರ್ ತಾನಾಗಿ ತಿರುಗದಿರಲು ಗೇಟ್‌ನಿಂದ ಗ್ರೌಂಡ್‌ಗೆ ಒಂದು ರೆಸಿಸ್ಟರ್ ಹಾಕಲಾಗುತ್ತದೆ.

ದೋಷ ಪತ್ತೆ

ಆಸಿಲೋಸ್ಕೋಪ್ ಇಲ್ಲದಿದ್ದರೂ ಮಲ್ಟಿಮೀಟರ್‌ನ ಡಿಸಿ ಅಳತೆ ಪಿನ್‌ನ ಸರಾಸರಿ ವೋಲ್ಟೇಜನ್ನು ತೋರಿಸುತ್ತದೆ. ಶೇ. 40ಕ್ಕೆ ಅದು ಸುಮಾರು 1.32 ವೋಲ್ಟ್ ಆಗಿರಬೇಕು. ಪಿನ್‌ನಲ್ಲಿ ಯಾವ ಸಂಕೇತವೂ ಇಲ್ಲದಿದ್ದರೆ `PINSEL1` ಅಥವಾ `PWMPCR`ನ ಬಿಟ್‌ಗಳನ್ನು ಮೊದಲು ಪರಿಶೀಲಿಸಬೇಕು. ಮೊದಲ ಬೆಲೆ ಸರಿಯಾಗಿದ್ದು ನಂತರ ಬದಲಾಗದಿದ್ದರೆ ದೋಷ `PWMLER`ನಲ್ಲಿರುತ್ತದೆ.

ವೋಲ್ಟೇಜ್ ಸರಿಯಿದ್ದರೂ ಮೋಟಾರ್ ಸಿಳ್ಳೆ ಹೊಡೆದರೆ ಪಿಎಲ್‌ಎಲ್ ಚಾಲನೆಯಾಗಿಲ್ಲವೆಂದು ಶಂಕಿಸಬಹುದು. ಆಗ ಟೈಮರ್‌ಗೆ ಸಿಗುವ ಗಡಿಯಾರ 3 ಮೆಗಾಹರ್ಟ್ಸ್ ಮಾತ್ರ. ಡ್ಯೂಟಿ ಸೈಕಲ್ ಎರಡು ಬೆಲೆಗಳ ಅನುಪಾತವಾದ್ದರಿಂದ ಅದು ಹಾಗೆಯೇ ಉಳಿಯುತ್ತದೆ, ಆವರ್ತನ ಮಾತ್ರ 4 ಕಿಲೋಹರ್ಟ್ಸ್‌ಗೆ ಇಳಿದು ಕಿವಿಗೆ ಕೇಳಿಸುತ್ತದೆ.

ಪಿನ್‌ನಲ್ಲಿ ಸಂಕೇತ ಸರಿಯಿದ್ದೂ ಕಡಿಮೆ ಡ್ಯೂಟಿ ಸೈಕಲ್‌ನಲ್ಲಿ ಮೋಟಾರ್ ತಿರುಗದಿದ್ದರೆ ಅದು ರಿಜಿಸ್ಟರ್‌ಗಳ ದೋಷವಲ್ಲ. ನಿಂತ ಮೋಟಾರ್ ಘರ್ಷಣೆಯನ್ನು ಮೀರಲು ಹೆಚ್ಚಿನ ಬಲ ಬೇಡುತ್ತದೆ. ಕ್ಷಣಕಾಲ ಹೆಚ್ಚಿನ ಡ್ಯೂಟಿ ಸೈಕಲ್ ನೀಡಿ ಆರಂಭಿಸಿ, ಬಳಿಕ ಬೇಕಾದ ಬೆಲೆಗೆ ಇಳಿಸುವುದು ಇದಕ್ಕೆ ರೂಢಿಯ ಪರಿಹಾರವಾಗಿದೆ. ಪಿಡಬ್ಲ್ಯೂಎಂ ನಿಯಂತ್ರಿಸುವುದು ವೋಲ್ಟೇಜನ್ನೇ ಹೊರತು ವೇಗವನ್ನಲ್ಲ. ಹೊರೆ ಹೆಚ್ಚಿದಾಗ ವೇಗ ಕುಸಿಯುತ್ತದೆ. ವೇಗ ಸ್ಥಿರವಾಗಿರಬೇಕಾದರೆ ಎನ್‌ಕೋಡರ್‌ನಿಂದ ಅದನ್ನು ಅಳೆದು, ಆನ್ ಕಾಲದ ಬೆಲೆಯನ್ನು ಸತತವಾಗಿ ತಿದ್ದಬೇಕಾಗುತ್ತದೆ.