ತೀರಿದ ಋಣ, ತೀರದ ಋಣ

ಹಿರಿಯ ಮಿತ್ರರೊಬ್ಬರು ಪ್ರೌಢಶಾಲೆಯೊಂದರಲ್ಲಿ 32 ವರ್ಷ ಕನ್ನಡ ಕಲಿಸಿ ನಿವೃತ್ತರಾದರು. ಆ ವಾರವೇ ವಿನಿಮಯದ ಏರ್ಪಾಡಿನಲ್ಲಿ ಫ್ರಾನ್ಸಿನ ಶಾಲೆಯೊಂದರ ಮಕ್ಕಳು ಅಲ್ಲಿಗೆ ಬಂದಿದ್ದರು. ಬೀಳ್ಕೊಡುಗೆಯ ಭಾಷಣ ಅವರಿಗೂ ತಿಳಿಯಲೆಂದು ಅದನ್ನು ಫ್ರೆಂಚಿಗೆ ತಿರುಗಿಸಿ ಹಂಚುವುದೆಂದಾಯಿತು. ಫ್ರೆಂಚ್ ಬಲ್ಲ ಅಧ್ಯಾಪಕಿಯೊಬ್ಬರು ಅನುವಾದಕ್ಕೆ ಕುಳಿತರು. ಕನ್ನಡದ ಸಂದೇಹಗಳಿಗೆ ನಾನು ಜೊತೆಯಾದೆ.

ಒಂದೂವರೆ ಪುಟದ ಭಾಷಣ ಸರಾಗವಾಗಿಯೇ ಸಾಗಿತು. ತೊಡಕಾದುದು ಕೊನೆಯ ಎರಡು ವಾಕ್ಯ: “ಮಕ್ಕಳೇ, ಈ ಶಾಲೆಯ ಅನ್ನದ ಋಣ ನನಗೆ ಇಂದಿಗೆ ತೀರಿತು. ಹೋಗಿ ಬರುತ್ತೇನೆ.”

ಋಣಕ್ಕೆ ಫ್ರೆಂಚಿನಲ್ಲಿ ‘ದೆತ್’ ಎಂಬ ಮಾತುಂಟು. ಮೊದಲ ಕರಡಿನಲ್ಲಿ ಅದೇ ಬಂದಿತು. ನೋಡುವುದಕ್ಕೆ ತಪ್ಪೇನೂ ಇರಲಿಲ್ಲ. ಆದರೂ ಮೂಲವನ್ನು ಕಾಣದ ಇನ್ನೊಬ್ಬರ ಕೈಯಲ್ಲಿ ಆ ಫ್ರೆಂಚನ್ನು ಮತ್ತೆ ಕನ್ನಡಕ್ಕೆ ಮಾಡಿಸಿದೆವು. ಬಂದ ವಾಕ್ಯ ಹೀಗಿತ್ತು: “ಈ ಶಾಲೆಗೆ ನಾನು ಕೊಡಬೇಕಾದುದನ್ನೆಲ್ಲ ಕೊಟ್ಟು ಮುಗಿಸಿದ್ದೇನೆ.” ಮಿತ್ರರು ಓದಿ ಬೆಚ್ಚಿದರು. ಕೃತಜ್ಞತೆಯಿಂದ ಬಗ್ಗಿದ ತಲೆ ಅಲ್ಲಿ ಲೆಕ್ಕ ಚುಕ್ತಾ ಮಾಡಿ ಎದ್ದು ನಿಂತಂತಿತ್ತು!

ತಪ್ಪು ಹುಟ್ಟಿದ್ದು ‘ಋಣ’ದಲ್ಲಿ ಅಲ್ಲ, ‘ತೀರಿತು’ ಎಂಬಲ್ಲಿ. ಸಾಲ ತೀರುವುದು ನಾವು ಕೊಟ್ಟಾಗ. ಅನ್ನದ ಋಣ ತೀರುವುದು ನಮಗೆ ಸಲ್ಲಬೇಕಾದ ಪಾಲು ಮುಗಿದಾಗ. ಮೊದಲನೆಯದರಲ್ಲಿ ಕರ್ತೃ ನಾವು, ಎರಡನೆಯದರಲ್ಲಿ ವಿಧಿ. ಈ ಎರಡನೆಯ ಅರ್ಥಕ್ಕೆ ‘ದೆತ್’ನಲ್ಲಿ ಎಡೆಯಿಲ್ಲ.

‘ಅನ್ನ’ಕ್ಕೆ ಮಾತ್ರ ದಾರಿ ಸುಲಭವಾಗಿತ್ತು. ಅಕ್ಕಿಯ ಹೆಸರು ಹೇಳಿದರೆ ಆ ಮಕ್ಕಳು ನಗುತ್ತಿದ್ದರು. ಆದರೆ ದುಡಿದು ಬದುಕುವುದಕ್ಕೆ ಅವರೂ ‘ರೊಟ್ಟಿ ಗಳಿಸುವುದು’ ಎಂದೇ ಹೇಳುತ್ತಾರೆ. ಆದುದರಿಂದ ವಾಕ್ಯ ಹೀಗೆ ಮರುಹುಟ್ಟಿತು: “ಈ ಶಾಲೆ ನನಗೆ ರೊಟ್ಟಿ ಕೊಟ್ಟಿತು. ಇಲ್ಲಿನ ನನ್ನ ಕಾಲ ಮುಗಿಯಿತು. ಇದಕ್ಕೆ ನಾನು ಸಲ್ಲಿಸಬೇಕಾದುದು ಎಂದಿಗೂ ಸಂದು ಮುಗಿಯದು.”

ಇನ್ನು ‘ಹೋಗಿ ಬರುತ್ತೇನೆ’. ಬರಿಯ ‘ಹೋಗುತ್ತೇನೆ’ ನಮ್ಮಲ್ಲಿ ಅಶುಭ. ಪದಕ್ಕೆ ಪದವಿಟ್ಟರೆ ಫ್ರೆಂಚಿನಲ್ಲಿ ಅದು ‘ಈಗಲೇ ಬಂದೆ, ಇರಿ’ ಎಂದಂತಾಗುತ್ತದೆ. ‘ಅದ್ಯೂ’ ಎಂದರೆ ದೇವರಿಗೊಪ್ಪಿಸಿ ಹೊರಡುವ ಕಡೆಯ ವಿದಾಯ. ದಿನಬಳಕೆಯ ‘ಓ ರವ್ವಾರ್’ನಲ್ಲಿಯೋ ‘ಮತ್ತೆ ಕಾಣುವವರೆಗೆ’ ಎಂಬ ಅರ್ಥವಿದೆ. ಅದನ್ನೇ ಇಟ್ಟೆವು. ತೀರ ಸಾಮಾನ್ಯವಾದ ಮಾತೆಂದು ಅಧ್ಯಾಪಕಿ ಹಿಂಜರಿದರು. ನಮ್ಮ ಮಾತೂ ಸಾಮಾನ್ಯವಾದುದೇ ಅಲ್ಲವೆ?

ವಿಧಿಯ ನೆರಳು ಮಾತ್ರ ಕಡಲು ದಾಟಲಿಲ್ಲ. ಅಡಿಟಿಪ್ಪಣಿ ಹಾಕೋಣವೆಂದು ನಾನೆಂದೆ. ಮಿತ್ರರು ಒಪ್ಪಲಿಲ್ಲ: “ಒಂದಿಷ್ಟು ಕಳೆದುಹೋಗಲಿ. ನಾನು ಸಾಲ ತೀರಿಸಿದೆನೆಂದು ಆ ಮಕ್ಕಳು ತಿಳಿಯದಿದ್ದರೆ ಸಾಕು.”